ಯಾವುದರ ಭಾಗ? ಭಿನ್ನರಾಶಿಯ ಮೂರು ವಾಕ್ಯರೂಪದ ಸಮಸ್ಯೆಗಳು

ಸಮಸ್ಯೆ 1. ತುಂಬಿದ ತೊಟ್ಟಿಯೊಂದರಲ್ಲಿ 240 ಲೀಟರ್ ನೀರಿದೆ. ಬೆಳಿಗ್ಗೆ ಅದರ 1/4 ಭಾಗವನ್ನೂ, ಸಂಜೆ ಉಳಿದ ನೀರಿನ 2/5 ಭಾಗವನ್ನೂ ಬಳಸಲಾಯಿತು. ಕೊನೆಗೆ ಉಳಿದ ನೀರೆಷ್ಟು?

ಇಲ್ಲಿ ಗಮನಿಸಬೇಕಾದ ಪದ ‘ಉಳಿದ’. 1/4 ಎಂಬುದು 240 ಲೀಟರಿನ ಭಾಗ. 2/5 ಎಂಬುದು ಹಾಗಲ್ಲ. ಒಂದು ಪರಿಮಾಣದ ಇಂತಿಷ್ಟು ಭಾಗ ಎಂದಿದ್ದಲ್ಲಿ ಗುಣಾಕಾರ ಮಾಡಬೇಕು.

ಬೆಳಿಗ್ಗೆ ಬಳಸಿದ್ದು: 240 × 1/4 = 60 ಲೀಟರ್
ಉಳಿದದ್ದು: 240 − 60 = 180 ಲೀಟರ್
ಸಂಜೆ ಬಳಸಿದ್ದು: 180 × 2/5 = 72 ಲೀಟರ್
ಕೊನೆಗೆ ಉಳಿದದ್ದು: 180 − 72 = 108 ಲೀಟರ್

ಅನೇಕ ವಿದ್ಯಾರ್ಥಿಗಳು ಛೇದಗಳಾದ 4 ಮತ್ತು 5ರ ಲ.ಸಾ.ಅ. 20 ಎಂದು ಕಂಡುಕೊಂಡು, 1/4 + 2/5 = 5/20 + 8/20 = 13/20 ಎಂದು ಕೂಡಿ, ಉಳಿದ 7/20 ಭಾಗಕ್ಕೆ 84 ಲೀಟರ್ ಎಂಬ ಉತ್ತರ ಬರೆಯುತ್ತಾರೆ. ಸಂಕಲನದಲ್ಲಿ ಯಾವ ದೋಷವೂ ಇಲ್ಲ. ಆದರೆ ಬೇರೆ ಬೇರೆ ಪೂರ್ಣಗಳ ಭಾಗಗಳನ್ನು ಹೀಗೆ ಕೂಡುವಂತಿಲ್ಲ. ಬೆಳಿಗ್ಗೆ 3/4 ಉಳಿಯಿತು, ಸಂಜೆ ಅದರ 3/5 ಉಳಿಯಿತು ಎಂದು ನೋಡಿದರೆ 3/4 × 3/5 = 9/20 ಆಗುತ್ತದೆ, ಮತ್ತು 240 × 9/20 = 108 ಎಂದು ತಾಳೆಯಾಗುತ್ತದೆ.

ಸಮಸ್ಯೆ 2. 8 1/2 ಮೀಟರ್ ಉದ್ದದ ಹಗ್ಗದಿಂದ 3/4 ಮೀಟರ್ ಉದ್ದದ ಎಷ್ಟು ತುಂಡುಗಳನ್ನು ಕತ್ತರಿಸಬಹುದು? ಮಿಗುವ ಹಗ್ಗದ ಉದ್ದವೆಷ್ಟು?

ಒಂದು ಉದ್ದದಲ್ಲಿ ಇನ್ನೊಂದು ಉದ್ದ ಎಷ್ಟು ಬಾರಿ ಅಡಗಿದೆ ಎಂಬ ಪ್ರಶ್ನೆಯಾದ್ದರಿಂದ ಇದು ಭಾಗಾಕಾರ. ಮಿಶ್ರ ಭಿನ್ನರಾಶಿಯನ್ನು ಮೊದಲು ವಿಷಮ ಭಿನ್ನರಾಶಿಯಾಗಿ ಬರೆದು, ಬಳಿಕ ಭಾಜಕದ ವ್ಯುತ್ಕ್ರಮದಿಂದ ಗುಣಿಸಬೇಕು.

17/2 ÷ 3/4 = 17/2 × 4/3 = 68/6 = 34/3 = 11 1/3

ಆದ್ದರಿಂದ ಪೂರ್ಣ ತುಂಡುಗಳು 11. ಉಳಿದ 1/3 ಅನ್ನು ಮೀಟರ್ ಎಂದು ಓದುವುದು ಈ ಲೆಕ್ಕದ ನಿಜವಾದ ಬಲೆ. ಭಾಗಲಬ್ಧವು ತುಂಡುಗಳನ್ನು ಎಣಿಸುತ್ತದೆಯಾದ್ದರಿಂದ ಅದು ಒಂದು ತುಂಡಿನ 1/3 ಭಾಗ; ಅಂದರೆ ಮಿಗುವ ಹಗ್ಗ 3/4 × 1/3 = 1/4 ಮೀಟರ್, ಅಥವಾ 25 ಸೆಂಟಿಮೀಟರ್. ಸೆಂಟಿಮೀಟರಿನಲ್ಲೇ ಪರೀಕ್ಷಿಸಿದರೆ 11 × 75 = 825 ಮತ್ತು 850 − 825 = 25.

ಸಮಸ್ಯೆ 3. ಹಾಳೆಯೊಂದರ ಉದ್ದ 1 1/2 ಮೀಟರ್, ಅಗಲ 40 ಸೆಂಟಿಮೀಟರ್. ಅದರ ವಿಸ್ತೀರ್ಣವನ್ನು ಚದರ ಮೀಟರಿನಲ್ಲಿ ತಿಳಿಸಿ.

ಗುಣಿಸುವ ಮೊದಲು ಎರಡೂ ಅಳತೆಗಳು ಒಂದೇ ಮಾನದಲ್ಲಿರಬೇಕು. 40 ಸೆಂಟಿಮೀಟರ್ = 40/100 = 2/5 ಮೀಟರ್; ವಿಸ್ತೀರ್ಣ 3/2 × 2/5 = 3/5 ಚದರ ಮೀಟರ್. ಮೊದಲೇ ಸೆಂಟಿಮೀಟರಿಗೆ ಬದಲಿಸಿದವರಿಗೆ 150 × 40 = 6,000 ಚದರ ಸೆಂಟಿಮೀಟರ್ ದೊರೆಯುತ್ತದೆ. ಅದನ್ನು 100ರಿಂದಲ್ಲ, 10,000ದಿಂದ ಭಾಗಿಸಬೇಕು. ಏಕೆಂದರೆ 1 ಚದರ ಮೀಟರ್ ಎಂದರೆ 100 × 100 ಚದರ ಸೆಂಟಿಮೀಟರ್.