ಕೆರೆ ದಂಡೆಯ ಮಾತು: ಬಿಸಿಲು, ಚರ್ಮ ಮತ್ತು ವಾಸಿಯಾಗದ ಗಾಯ

(ಸ್ಥಳ: ಸುರಪುರ ತಾಲ್ಲೂಕಿನ ಒಂದು ಹಳ್ಳಿ, ಕೆರೆ ಹೂಳೆತ್ತುವ ಜಾಗ. ಸಮಯ: ಮಾರ್ಚ್ ತಿಂಗಳು, ಬೆಳಿಗ್ಗೆ 7. ಮಾತನಾಡುವವರು: ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿ. ಜೊತೆಗೆ ಒಯ್ಯಬೇಕಾದ್ದು: ಕೈಗನ್ನಡಿ, ಟಾರ್ಚ್, ಒಂದು ತೆಳು ಟವೆಲ್, ಒಂದು ದಪ್ಪ ಟವೆಲ್, ಸ್ವಲ್ಪ ಹತ್ತಿ.)

ಎಲ್ಲರಿಗೂ ಶರಣು. ಬುಟ್ಟಿ, ಸಲಿಕೆ ಬದಿಗಿಟ್ಟು ಕೂತುಕೊಳ್ಳಿ. ಕಾಯಕ ಬಂಧು ಅಕ್ಕ ಅರ್ಧ ಗಂಟೆ ಕೊಟ್ಟಿದ್ದಾರೆ. ಹಾಜರಿ ಆಗಿದೆ, ಈ ಅರ್ಧ ಗಂಟೆಗೆ ಕೂಲಿ ಕಡಿಮೆಯಾಗಲ್ಲ.

ಉಪಕೇಂದ್ರದಲ್ಲಿ ಬಿಪಿ ನೋಡಿ ಮಾತ್ರೆ ಕೊಡುವವಳು ನಾನೇ. ಇವತ್ತು ಬಿಪಿ ಮಾತಿಲ್ಲ, ಚರ್ಮದ ಮಾತು.

ಎಲ್ಲರೂ ಒಮ್ಮೆ ಬಲಗೈ ಮೇಲೆತ್ತಿ. ತೋಳಿನ ಒಳಬದಿ, ಕಂಕುಳಿನ ಹತ್ತಿರ ನೋಡಿಕೊಳ್ಳಿ. ಈಗ ಮುಂಗೈ ನೋಡಿ. (ಎಲ್ಲರೂ ನೋಡುವವರೆಗೆ ಕಾಯಬೇಕು.) ಎರಡೂ ಒಬ್ಬರದೇ ಕೈ, ಆದರೆ ಬಣ್ಣ ಬೇರೆ. ಮುಟ್ಟಿ ನೋಡಿ, ಒಳಗಡೆ ಮೆತ್ತಗಿದೆ, ಹೊರಗಡೆ ಒರಟು. ಒಳಗಿನದು ತಾಯಿ ಕೊಟ್ಟ ಬಣ್ಣ. ಹೊರಗಿನದು ಇಷ್ಟು ವರ್ಷದ ಬಿಸಿಲು ಬರೆದ ಲೆಕ್ಕ.

ಬಿಸಿಲಿನಲ್ಲಿ ನಮ್ಮ ಕಣ್ಣಿಗೆ ಕಾಣದ ಅತಿನೇರಳೆ ಕಿರಣ ಇರುತ್ತದೆ. ಅದು ಸೆಖೆಯ ಹಾಗೆ ಗೊತ್ತಾಗಲ್ಲ. ಮೋಡ ಮುಚ್ಚಿದ ದಿನವೂ ಬರುತ್ತದೆ, ತಣ್ಣನೆ ಗಾಳಿ ಬೀಸುವಾಗಲೂ ಬರುತ್ತದೆ. ನಮ್ಮ ಚರ್ಮದ ಕಪ್ಪು ಬಣ್ಣ ಅದಕ್ಕೆ ಕೊಡೆ ಹಿಡಿದ ಹಾಗೆ ತಡೆಯುತ್ತದೆ. ಹಾಗಾಗಿ ಬಿಳಿ ಚರ್ಮದವರಿಗೆ ಬರುವಷ್ಟು ಚರ್ಮದ ಕ್ಯಾನ್ಸರ್ ನಮಗೆ ಬರಲ್ಲ. ಕಪ್ಪಗಿದ್ದೀವಿ ಅಂತ ಯಾರೂ ಬೇಜಾರು ಮಾಡಿಕೊಳ್ಳಬೇಡಿ. ಅದು ನಮ್ಮನ್ನು ಕಾಯುವ ಬಣ್ಣ.

ಆದರೆ ಕಡಿಮೆ ಅಂದರೆ ಇಲ್ಲವೇ ಇಲ್ಲ ಅಂತಲ್ಲ. ನಮ್ಮಂಥವರಿಗೆ ಬಂದರೆ ಯಾರೂ ನೋಡದ ಕಡೆ ಬರುವುದುಂಟು. ಅಂಗಾಲಲ್ಲಿ, ಉಗುರಿನ ಕೆಳಗೆ, ಹಳೆ ಸುಟ್ಟ ಕಲೆಯ ಮೇಲೆ, ಕೆಳತುಟಿಯ ಮೇಲೆ. ಅದಕ್ಕೇ ತಡವಾಗಿ ಗೊತ್ತಾಗುತ್ತದೆ.

ನಮ್ಮ ಸೋದರಮಾವನ ವಿಷಯ ಹೇಳುತ್ತೇನೆ. ಚಿಕ್ಕವರಿದ್ದಾಗ ಒಲೆ ಮೇಲಿನ ಎಸರು ಕಾಲ ಮೇಲೆ ಚೆಲ್ಲಿತ್ತು. ಮೊಣಕಾಲ ಕೆಳಗೆ ಒಂದು ಗೇಣು ಸುಟ್ಟ ಕಲೆ. ಜೀವನವಿಡೀ ಹೊಲದಲ್ಲಿ ಧೋತರ ಮೇಲೆ ಕಟ್ಟಿಕೊಂಡೇ ದುಡಿದರು. ಐವತ್ತು ದಾಟಿದ ಮೇಲೆ ಆ ಕಲೆಯ ನಡುವೆ ಸಣ್ಣ ಬಿರುಕು ಬಿತ್ತು. ಅರಿಶಿನ ಹಚ್ಚಿದರು, ಬೇವಿನ ಎಲೆ ಅರೆದು ಕಟ್ಟಿದರು, ಅಂಗಡಿಯ ಮುಲಾಮು ಹಚ್ಚಿದರು. ಒಣಗುವುದು, ಮತ್ತೆ ಬಿರಿಯುವುದು. ಹೀಗೇ ಎರಡು ವರ್ಷ. ಹಬ್ಬಕ್ಕೆ ಹೋದಾಗೆಲ್ಲ ನಾನು ಅವರ ಬಿಪಿ ನೋಡಿದೆ, ಕಾಲು ನೋಡಲಿಲ್ಲ. ಕೊನೆಗೆ ಪಟ್ಟಿ ಬಿಚ್ಚಿ ನೋಡಿದಾಗ ಗಾಯದ ಅಂಚು ಸುಟ್ಟ ರೊಟ್ಟಿಯ ಅಂಚಿನ ಹಾಗೆ ಉಬ್ಬಿ ಗಟ್ಟಿಯಾಗಿತ್ತು. ನಡುವೆ ಗುಳಿ. ಮುಟ್ಟಿದರೆ ರಕ್ತ ಬರುತ್ತಿತ್ತು, ನೋವಿರಲಿಲ್ಲ. ಚೂರು ಮಾಂಸ ತೆಗೆದು ಪರೀಕ್ಷೆ ಮಾಡಿದರು, ಕ್ಯಾನ್ಸರ್ ಅಂತ ಬಂತು. ಮೊಣಕಾಲ ಕೆಳಗೆ ಕಾಲು ತೆಗೆಯಬೇಕಾಯಿತು. ಮಾವ ಬದುಕಿದ್ದಾರೆ, ಚೆನ್ನಾಗಿದ್ದಾರೆ. ಆದರೆ ಮೊದಲ ವರ್ಷವೇ ತೋರಿಸಿದ್ದರೆ ಕಾಲು ಉಳಿಯುತ್ತಿತ್ತೇನೋ ಅಂತ ನನಗೆ ಇವತ್ತಿಗೂ ಅನ್ನಿಸುತ್ತದೆ. ಇವತ್ತು ನಾನು ಇಲ್ಲಿಗೆ ಬಂದಿರುವುದೇ ಅದಕ್ಕೆ.

ಮೊದಲು ಬಿಸಿಲಿನಿಂದ ಹೇಗೆ ಕಾಪಾಡಿಕೊಳ್ಳುವುದು ಅಂತ ನೋಡೋಣ.

ಈಗ ನಿಮ್ಮ ನೆರಳು ನೋಡಿ. ಹಲವು ಆಳುದ್ದ ಬಿದ್ದಿದೆ, ಅಲ್ವಾ? ಈ ಹೊತ್ತಿನ ಬಿಸಿಲು ಅಷ್ಟು ಕೆಟ್ಟದ್ದಲ್ಲ. ನೆರಳು ನಿಮಗಿಂತ ಗಿಡ್ಡ ಆಯಿತು ಅಂದರೆ ಜಾಗ್ರತೆ. ಸುಮಾರು 10 ಗಂಟೆಯಿಂದ 3 ಗಂಟೆ ತನಕ ಹಾಗಿರುತ್ತದೆ. ಗಡಿಯಾರ ಬೇಡ, ನೆರಳೇ ಹೇಳುತ್ತದೆ. ಏಪ್ರಿಲ್, ಮೇನಲ್ಲಿ ನಮ್ಮ ಕಲಬುರಗಿ ವಿಭಾಗದಲ್ಲಿ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಾಗುತ್ತವೆ. ಫ್ಯಾನಿನ ಕೆಳಗೆ ಕೂರುವವರಿಗೇ ಆ ಅನುಕೂಲ ಇದ್ದರೆ, ಹೂಳು ಹೊರುವವರು ನಸುಕಿನಲ್ಲಿ ಶುರು ಮಾಡಿ ಬೇಗ ಮುಗಿಸುತ್ತೇವೆ ಅಂತ ಕೇಳುವುದು ತಪ್ಪಲ್ಲ. ಕಾಯಕ ಬಂಧು ಅಕ್ಕನ ಜೊತೆ ಕೂತು ಮಾತಾಡಿ. ಮೆಣಸಿನಕಾಯಿ ಬಿಡಿಸುವವರು, ಕಳೆ ತೆಗೆಯುವವರು ಕೂಡ ನಡು ಮಧ್ಯಾಹ್ನ ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಿ, ಹೊತ್ತು ಇಳಿದ ಮೇಲೆ ಮತ್ತೆ ಇಳಿಯಿರಿ.

"ನಮ್ಮಪ್ಪ, ನಮ್ಮಜ್ಜ ಬಿಸಿಲಲ್ಲೇ ದುಡಿದರು, ಅವರಿಗೆ ಏನಾಯಿತು?" ಅಂತ ಪ್ರತಿ ಊರಲ್ಲೂ ಒಬ್ಬ ಅಜ್ಜ ಕೇಳುತ್ತಾರೆ. ಸರಿಯಾದ ಪ್ರಶ್ನೆ ಅಜ್ಜ. ಆದರೆ ಅವರು ಹೇಗಿದ್ದರು ನೆನಪು ಮಾಡಿಕೊಳ್ಳಿ. ತಲೆಗೆ ದೊಡ್ಡ ರುಮಾಲು, ಮೈಗೆ ತುಂಬು ತೋಳಿನ ಅಂಗಿ. ನಸುಕಿನಲ್ಲಿ ನೇಗಿಲು ಹೂಡಿ, ಬಿಸಿಲೇರುವ ಹೊತ್ತಿಗೆ ಎತ್ತು ಬಿಚ್ಚುತ್ತಿದ್ದರು. ನಾವು ಈಗ ಅರ್ಧ ತೋಳಿನ ಟೀ ಶರ್ಟು, ತಲೆಗೆ ಸಣ್ಣ ಟೋಪಿ. ಆ ಟೋಪಿ ಹಣೆಗೆ ಮಾತ್ರ ನೆರಳು ಕೊಡುತ್ತದೆ. ಕಿವಿ, ಕತ್ತಿನ ಹಿಂಭಾಗ ಬಿಸಿಲಿಗೇ ಬಿಟ್ಟಿರುತ್ತದೆ.

(ಎರಡೂ ಟವೆಲ್ ಸೂರ್ಯನ ಕಡೆ ಎತ್ತಿ ಹಿಡಿಯಬೇಕು.) ನೋಡಿ, ಈ ತೆಳು ಟವೆಲ್ಲಿನಲ್ಲಿ ಬೆಳಕು ಜರಡಿಯ ಹಾಗೆ ಕಾಣುತ್ತದೆ. ಬೆಳಕು ದಾಟಿದರೆ ಬಿಸಿಲೂ ದಾಟುತ್ತದೆ. ಈ ದಪ್ಪದ್ದರಲ್ಲಿ ಕಾಣುವುದಿಲ್ಲ. ಬಟ್ಟೆ ಕೊಳ್ಳುವಾಗ ಇಷ್ಟು ಮಾಡಿ ನೋಡಿದರೆ ಸಾಕು. ತೆಳು ಬಿಳಿ ಬಟ್ಟೆಗಿಂತ ಒತ್ತಾಗಿ ನೇಯ್ದ, ಬಣ್ಣದ, ಸಡಿಲವಾದ ಹತ್ತಿ ಬಟ್ಟೆ ಒಳ್ಳೆಯದು. ಅಕ್ಕಂದಿರು ಸೀರೆ ಮೇಲೆ ಮನೆಯವರ ಹಳೆ ತುಂಬು ತೋಳಿನ ಶರ್ಟು ಹಾಕಿಕೊಂಡು ಬಂದಿದ್ದೀರಲ್ಲ, ಅದಕ್ಕಿಂತ ಒಳ್ಳೆ ಉಪಾಯ ನನ್ನ ಹತ್ತಿರವೂ ಇಲ್ಲ. ತೋಳು ಮಡಚಬೇಡಿ, ಕಾಲರ್ ಮೇಲೆತ್ತಿ, ಸೆರಗನ್ನು ಕಿವಿ ಮುಚ್ಚುವ ಹಾಗೆ ಸುತ್ತಿಕೊಳ್ಳಿ.

ಬಿಸಿಲು ತಡೆಯುವ ಸನ್‌ಸ್ಕ್ರೀನ್ ಕ್ರೀಮಿನ ಬಗ್ಗೆ ಹುಡುಗಿಯರು ಕೇಳುತ್ತಾರೆ. ನೇರವಾಗಿ ಹೇಳುತ್ತೇನೆ. ಟ್ಯೂಬಿನ ಮೇಲೆ ಎಸ್‌ಪಿಎಫ್ 30 ಅಂತ ಬರೆದಿರುವುದನ್ನು ಎರಡು ಬೆರಳುದ್ದ ತೆಗೆದು ಮುಖ, ಕತ್ತಿಗೆ ಹಚ್ಚಬೇಕು. ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಕೂಲಿ ಮಾಡುವ ಮನೆಗೆ ಆ ಖರ್ಚು ಭಾರ. ಬಟ್ಟೆ ಮೊದಲು, ಕ್ರೀಮು ಆಮೇಲೆ. ಆದರೆ ಹುಟ್ಟಿನಿಂದಲೇ ಮೈ, ಕೂದಲು ಬಿಳಿಯಾಗಿರುವವರಿಗೆ ಆ ಕಪ್ಪು ಕೊಡೆ ಇಲ್ಲವೇ ಇಲ್ಲ. ಅವರಿಗೆ ಚಿಕ್ಕಂದಿನಿಂದಲೇ ಬಟ್ಟೆ, ಕ್ರೀಮು, ನೆರಳು ಮೂರೂ ಬೇಕು. ಅಂಥ ಮಗು ನಿಮ್ಮ ಮನೆಯಲ್ಲೋ ಓಣಿಯಲ್ಲೋ ಇದ್ದರೆ ನಾಚಿಕೊಂಡು ಒಳಗಿಡಬೇಡಿ. ಉಪಕೇಂದ್ರಕ್ಕೆ ಕರೆದುಕೊಂಡು ಬನ್ನಿ. ತೊನ್ನು ಇರುವವರೂ ಆ ಜಾಗ ಮುಚ್ಚಿಕೊಳ್ಳಿ, ಬೇಗ ಸುಡುತ್ತದೆ.

ಮುಖದ ಬಂಗಿಗೆ, ಬೆಳ್ಳಗಾಗಲಿಕ್ಕೆ ಅಂತ ಅಂಗಡಿಯಲ್ಲಿ ಕೇಳಿ ಟ್ಯೂಬು ತರಬೇಡಿ. ಕೆಲವದರಲ್ಲಿ ಸ್ಟೀರಾಯ್ಡ್ ಇರುತ್ತದೆ. ಹಚ್ಚಿದಾಗ ಮುಖ ಹೊಳೆಯುತ್ತದೆ, ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ಬಿಸಿಲಿಗೆ ಉರಿಯುತ್ತದೆ.

ಇನ್ನೊಂದು ನಮ್ಮ ಹೊಲದ್ದೇ ತೊಂದರೆ, ಪಾರ್ಥೇನಿಯಂ. ಕಾಂಗ್ರೆಸ್ ಕಸ ಅಂತೀವಲ್ಲ, ಅದು. ಅದರ ಪುಡಿ ಗಾಳಿಯಲ್ಲಿ ಹಾರಿ ಕಣ್ಣ ರೆಪ್ಪೆ, ಕತ್ತು, ಮೊಣಕೈ ಮಡಿಕೆಯಲ್ಲಿ ತುರಿಕೆ ಎಬ್ಬಿಸುತ್ತದೆ. ಬಿಸಿಲು ಬಿದ್ದರೆ ಇನ್ನೂ ಜಾಸ್ತಿ. ವರ್ಷಗಟ್ಟಲೆ ಕೆರೆದು ಚರ್ಮ ಎಮ್ಮೆಯ ಚರ್ಮದ ಹಾಗೆ ದಪ್ಪಗಾದವರನ್ನು ನೋಡಿದ್ದೇನೆ. ಹೂ ಬಿಡುವ ಮೊದಲೇ ಕೀಳಿ, ಕೈಗೆ ಚೀಲ ಕಟ್ಟಿಕೊಂಡು ಕೀಳಿ. ಮನೆಗೆ ಹೋದ ಕೂಡಲೇ ಮೈ ತೊಳೆದು ಬಟ್ಟೆ ಬದಲಿಸಿ.

ಈಗ ನೋಡಿಕೊಳ್ಳುವ ಕೆಲಸ. ತಿಂಗಳಿಗೊಮ್ಮೆ, ಅಮಾವಾಸ್ಯೆ ದಿನ ತಲೆ ಮೇಲೆ ನೀರು ಹಾಕಿಕೊಂಡ ಮೇಲೆ ಅಂತ ಇಟ್ಟುಕೊಳ್ಳಿ, ಮರೆಯಲ್ಲ. ಗಂಡ ಹೆಂಡತಿ ಒಬ್ಬರ ಬೆನ್ನು ಒಬ್ಬರು ನೋಡಿ. ಅಜ್ಜಿಯ ಅಂಗಾಲು ಮೊಮ್ಮಕ್ಕಳು ನೋಡಲಿ.

ಅಂಗಾಲು, ಹಿಮ್ಮಡಿ, ಬೆರಳ ಸಂದು ತೊಳೆದು ಒರೆಸಿ ನೋಡಿ. ಹೊಸ ಕಪ್ಪು ಮಚ್ಚೆ ಬಂದಿದೆಯಾ? ಹಳೆ ಮಚ್ಚೆ ತೊಗರಿ ಕಾಳಿಗಿಂತ ದೊಡ್ಡದಾಗಿದೆಯಾ, ಅಂಚು ಹರಿದಂತಿದೆಯಾ, ಬಣ್ಣ ಒಂದೇ ಇಲ್ಲವಾ, ರಕ್ತ ಬರುತ್ತದಾ? ಹುಟ್ಟಿದಾಗಿನಿಂದ ಹಾಗೇ ಇರುವ ಮಚ್ಚೆಗೆ ಹೆದರಬೇಡಿ. ಬದಲಾಗುವ ಮಚ್ಚೆ ತೋರಿಸಬೇಕು. ಉಗುರಿಗೆ ಕಲ್ಲು ಬಿದ್ದು ಕಪ್ಪಾಗಿದ್ದರೆ ಉಗುರು ಬೆಳೆದಂತೆ ಕಪ್ಪು ಮುಂದೆ ಸರಿಯುತ್ತದೆ. ಪೆಟ್ಟೇ ಬೀಳದೆ ಒಂದೇ ಉಗುರಿನಲ್ಲಿ ಕಪ್ಪು ಗೆರೆ ಬಂದು ಅಗಲವಾಗುತ್ತಾ ಹೋದರೆ, ಬುಡದ ಚರ್ಮಕ್ಕೂ ಕಪ್ಪು ಹರಡಿದರೆ, ಬನ್ನಿ.

ಗಾಯಕ್ಕೆ ಒಂದೇ ಲೆಕ್ಕ. ಒಂದು ತಿಂಗಳಾದರೂ ವಾಸಿಯಾಗದ ಗಾಯ ತೋರಿಸಲೇಬೇಕು. ಮುಖದ ಮೇಲೆ ಹಕ್ಕಳೆ ಕಟ್ಟಿ ಬಿದ್ದು ಮತ್ತೆ ಕಟ್ಟುವ ಗುಳ್ಳೆ, ಕೆಳತುಟಿಯಲ್ಲಿ ಹೋಗದ ಬಿಳಿ ಪೊರೆ ಅಥವಾ ಗಟ್ಟಿ ಬಿರುಕು, ಸುಟ್ಟ ಕಲೆ ಮೇಲಿನ ಹುಣ್ಣು, ಇವು ನೋಯದಿದ್ದರೂ ತೋರಿಸಿ. ನೋವಿಲ್ಲ ಅಂತಲೇ ಮಾವ ಎರಡು ವರ್ಷ ಸುಮ್ನಿದ್ದರು.

ಸೊಂಟವನ್ನೂ ನೋಡಿ. ಇದು ಬಿಸಿಲಿನದ್ದಲ್ಲ, ಆದರೂ ಹೇಳಬೇಕು. ಲಂಗದ ಲಾಡಿ, ಧೋತರದ ಗಂಟು ವರ್ಷಗಟ್ಟಲೆ ಒಂದೇ ಕಡೆ ಬಿಗಿಯಾಗಿ ಉಜ್ಜಿ, ಅಪರೂಪಕ್ಕೆ ಅಲ್ಲೂ ಕ್ಯಾನ್ಸರ್ ಆದದ್ದಿದೆ. ಲಾಡಿ ಅಗಲ ಮಾಡಿಕೊಳ್ಳಿ, ಕಟ್ಟುವ ಜಾಗ ಬದಲಿಸಿ.

(ಹತ್ತಿ ಎಳೆ ತೋರಿಸಬೇಕು.) ಮೈ ಮೇಲೆ ತಿಳಿ ಬಣ್ಣದ ಅಥವಾ ಕೆಂಪು ಮಚ್ಚೆ ಇದ್ದರೆ ಕಣ್ಣು ಮುಚ್ಚಿಸಿ ಹತ್ತಿಯ ಎಳೆಯಿಂದ ಮುಟ್ಟಿ. ಗೊತ್ತಾಗದಿದ್ದರೆ ಅದು ಕುಷ್ಠ ಇರಬಹುದು. ಶಾಪ ಅಲ್ಲ, ರೋಗಾಣುವಿನಿಂದ ಬರುವ ಕಾಯಿಲೆ. 6 ತಿಂಗಳು, ಇಲ್ಲವೇ 12 ತಿಂಗಳು ಮಾತ್ರೆ, ಪೂರ್ತಿ ಉಚಿತ, ವಾಸಿಯಾಗುತ್ತದೆ.

ಅಂಗೈ, ಅಂಗಾಲಲ್ಲಿ ಜೋಳದ ಕಾಳಿನ ಹಾಗೆ ಗಟ್ಟಿ ಗುಳ್ಳೆ, ಎದೆ ಬೆನ್ನ ಮೇಲೆ ಮಳೆ ಹನಿ ಬಿದ್ದಂತೆ ಚುಕ್ಕೆ ಇದ್ದರೆ ನೀವು ಕುಡಿಯುವ ನೀರು ಯಾವುದು ಅಂತ ನಾನು ಕೇಳುತ್ತೇನೆ. ನಮ್ಮ ತಾಲ್ಲೂಕಿನ ಕಿರದಳ್ಳಿ ತಾಂಡಾದಲ್ಲಿ ಬೋರ್ ನೀರಿನಲ್ಲಿದ್ದ ಆರ್ಸೆನಿಕ್ ಅನ್ನುವ ವಿಷದಿಂದ ಜನರ ಚರ್ಮ ಹೀಗೇ ಆಗಿತ್ತು. ಆ ನೀರನ್ನು ಕುದಿಸಿದರೂ ಆರ್ಸೆನಿಕ್ ಹೋಗಲ್ಲ. ನೀರಿನ ಮೂಲವೇ ಬದಲಾಗಬೇಕು.

ದುಡ್ಡಿನ ಚಿಂತೆಗೆ ತಡಮಾಡಬೇಡಿ. ಮೊದಲು ಉಪಕೇಂದ್ರಕ್ಕೆ ಬನ್ನಿ, ಚೀಟಿ ಬರೆದು ಮುಂದಕ್ಕೆ ಕಳಿಸುವುದು ನನ್ನ ಕೆಲಸ. ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ ಚಿಕಿತ್ಸೆ ಇದೆ. ಕ್ಯಾನ್ಸರ್ ಅಂತಾದರೆ ಬೆಂಗಳೂರಿಗೇ ಹೋಗಬೇಕಿಲ್ಲ, ಕಿದ್ವಾಯಿ ಸಂಸ್ಥೆಯ ಕೇಂದ್ರ ಕಲಬುರಗಿಯಲ್ಲೂ ಇದೆ. ಏನಾದರೂ ಕೇಳಬೇಕಿದ್ದರೆ 104ಕ್ಕೆ ಫೋನ್ ಮಾಡಿ. ಕೆಲಸದಲ್ಲಿ ಯಾರಾದರೂ ತಲೆ ಸುತ್ತಿ ಬಿದ್ದು, ಮೈ ಕಾದು, ಮಾತು ತೊದಲಿದರೆ ನೆರಳಿಗೆ ಒಯ್ದು ಮೈ ಮೇಲೆ ನೀರು ಹಾಕಿ ಗಾಳಿ ಬೀಸಿ, ತಕ್ಷಣ 108ಕ್ಕೆ ಫೋನ್ ಮಾಡಿ.

ಈಗ ಕೈಗನ್ನಡಿ, ಟಾರ್ಚ್ ತೆಗೆಯುತ್ತೇನೆ. ಅಕ್ಕಂದಿರು ಆ ಸೀರೆ ಮರೆ ಕಟ್ಟಿದ ಕಡೆ ಆಶಾ ಅಕ್ಕನ ಹತ್ತಿರ ಹೋಗಿ, ನಾನೂ ಬರುತ್ತೇನೆ. ಮೊದಲು ಅಜ್ಜಂದಿರು. ಚಪ್ಪಲಿ ಬಿಟ್ಟು ಕಾಲು ತೊಳೆದುಕೊಂಡು ಈ ಕಲ್ಲಿನ ಮೇಲೆ ಕೂತುಕೊಳ್ಳಿ. ಕಾಲು ಮುಂದೆ ಚಾಚಿ ಅಜ್ಜ, ಸಂಕೋಚ ಬೇಡ.