ಮೂರು ಸೂತು

ಬೆಟಗೇರಿಯ ಹಳೇ ಮನೆ ಕೆಡವಿದಾಗ ಮೌನೇಶಪ್ಪ ಜೊತೆಗೆ ತಂದದ್ದು ಎರಡೇ: ಉಳಿ, ಬಾಚಿ, ರಂದಾ ಇದ್ದ ಪೆಟ್ಟಿಗೆ ಮತ್ತು ತಾನೇ ಮಾಡಿದ ಸಾಗವಾನಿ ಕುರ್ಚಿ. ಪೆಟ್ಟಿಗೆ ಮಂಚದ ಕೆಳಗೆ ಸೇರಿತು. ಕುರ್ಚಿ ಮಾತ್ರ ಮಗನ ಹೊಸ ಮನೆಯ ಟೈಲ್ಸ್ ಮೇಲೆ ಕುಂತರೆ ಟಕ್, ಎದ್ದರೆ ಟಕ್. ಸೊಸೆ ಎಡಗಡೆ ಮುಂದಿನ ಕಾಲಿನ ಕೆಳಗೆ ರಟ್ಟು ಮಡಚಿ ಇಟ್ಟಳು.

ಈಚೆಗೆ ಹಿಂದಿನ ಕಾಲಿಗೆ ಹುಳ ಬಿದ್ದಿತ್ತು. ಮುಟ್ಟಿದರೆ ಹಿಟ್ಟು ಉದುರುತ್ತಿತ್ತು. ಇನ್ನೊಂದು ಮಾಡೋಣವೆಂದರೆ ಕೈ ನಡುಗುತ್ತದೆ. ನಲವತ್ತು ವರ್ಷ ನೇಕಾರರ ಮಗ್ಗ ರಿಪೇರಿ ಮಾಡಿದ ಕೈ.

“ಅಳತಿ ಆದರೂ ಉಳೀಬೇಕವಾ” ಅಂದ, ಹುಬ್ಬಳ್ಳಿಯಲ್ಲಿ ಡಿಪ್ಲೊಮಾ ಓದುತ್ತಿದ್ದ ಮೊಮ್ಮಗಳು ಸಹನಾಳಿಗೆ.

“ಕಂಪ್ಯೂಟರ್‌ನಾಗ ನಕ್ಷಾ ತಗಿಯೂ ಫ್ರೀಕ್ಯಾಡ್‌ನಾಗ ತಗದಿಡೂಣು ತಗೋ ಅಜ್ಜಾ. ಆದರ ನಾ ತಗಿಯಂಗಿಲ್ಲ. ನೀನ ತಗೀಬೇಕು.”

ಮೊದಲ ವಾರವೆಲ್ಲ ಮೌಸ್ ಜೊತೆ ಜಗಳ. ರಂದಾ ಹೊಡೆದವನಲ್ಲವೇ, ಭುಜದಿಂದಲೇ ನೂಕುತ್ತಿದ್ದ. ಬಾಣದ ಗುರುತು ಪರದೆಯ ಅಂಚಿಗೆ ಹೋಗಿ ಕೂರುತ್ತಿತ್ತು. ಸಹನಾ ಅವನ ಮಣಿಕಟ್ಟನ್ನು ಮೇಜಿಗೆ ಒತ್ತಿ ಹಿಡಿದಳು. “ಬಳ್ಳಷ್ಟ ಅಳಗಾಡ್ಲಿ.”

ಅವನಿಗೆ ಹಿಡಿಸಿದ್ದು `Sketch`. ಕಾಲಿನ ಚೌಕ ಬರೆದು ಗೆರೆ ಹಿಡಿದು ಎಳೆದರೆ ಚೌಕ ಸೊಟ್ಟಗಾಗುತ್ತಿತ್ತು. ಈ ಗೆರೆ ನೆಟ್ಟಗೆ ನಿಲ್ಲಲಿ, ಆ ಗೆರೆ ಅಡ್ಡ ಇರಲಿ, ಅಗಲ ಇಷ್ಟೇ ಅಂತ ಒಂದೊಂದೇ ಕಟ್ಟು ಹಾಕುತ್ತ ಹೋದಂತೆ ಅಳ್ಳಕ ಕಡಿಮೆಯಾಗಿ, ಕಡೆಗೆ ಇಡೀ ಚೌಕ ಹಸಿರಾಗುತ್ತಿತ್ತು. ಹಸಿರಾದ ಮೇಲೆ ಎಷ್ಟು ಎಳೆದರೂ ಜಪ್ಪಯ್ಯ ಅನ್ನುತ್ತಿರಲಿಲ್ಲ. ಕೂಡು ಹಾಕಿ ಕೊಡತಿಯಿಂದ ಕಡೇ ಪೆಟ್ಟು ಕೊಟ್ಟಾಗ ಸಪ್ಪಳವೇ ಬದಲಾಗುತ್ತದಲ್ಲ, ಹಾಗೆ.

“ಬಿಗೀ ಆತು” ಅನ್ನುತ್ತಿದ್ದ ಪ್ರತಿ ಸಲವೂ, ಅಕ್ಕಪಕ್ಕದವರಿಗೆ ಕೇಳುವಷ್ಟು ಜೋರಾಗಿ.

`Pad` ಒತ್ತಿದರೆ ಕಟ್ಟಿಗೆ ಮೇಲೇಳುತ್ತಿತ್ತು, `Pocket` ಒತ್ತಿದರೆ ತೂತು ಬೀಳುತ್ತಿತ್ತು. ಇಂಚು-ಸೂತಿನ ಲೆಕ್ಕ ಅವನ ಬಾಯಲ್ಲಿತ್ತು. ಇಂಚಿಗೆ ಎಂಟು ಸೂತು, ಸೂತಿಗೆ 3.175 ಮಿಲಿಮೀಟರ್ ಅಂತ ಸಹನಾ ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಳು. ಹದಿನೇಳು ಇಂಚಿನ ಕಾಲು 431.8 ಆಯಿತು.

ಎರಡು ಕಾಲು ಮುಗಿದ ರಾತ್ರಿ ಅವಳು `Mirrored` ತೋರಿಸಿದಳು. ಒಂದು ಒತ್ತಿಗೆ ಎಡದ್ದೂ ಎದ್ದು ನಿಂತಿತು, ಮುಂದೊಂದು, ಹಿಂದೊಂದು.

ಮೌನೇಶಪ್ಪ ಬಹಳ ಹೊತ್ತು ನೋಡಿದ. “ಇದು ನಮ್ಮ ಕುರ್ಚಿ ಅಲ್ಲವಾ.”

“ಯಾಕಜ್ಜಾ? ಅಳತಿ ಎಲ್ಲಾ ನೀನ ಹೇಳಿದ್ದಲ್ಲಾ?”

ಅವನು ಎದ್ದು ಕುರ್ಚಿ ಬೋರಲು ಹಾಕಿ ಟೇಪು ಹಿಡಿದ. ಎಡಗಡೆ ಹಿಂದಿನ ಕಾಲು ಮೂರು ಸೂತು ಉದ್ದವಿತ್ತು.

“ತಪ್ಪಿ ಉಳದದ್ದೇನು?”

“ಬೇಕಂತ ಬಿಟ್ಟದ್ದು. ಪಡಸಾಲ್ಯಾಗ ಒಳ್ಳಿನ ಬಾಜೂಕ ಒಂದು ಹಾಸುಗಲ್ಲು ಕುಸದಿತ್ತು. ನಿಮ್ಮಜ್ಜಿ ಖಾರ ಕುಟ್ಟಿ ಕುಟ್ಟಿ. ನಾ ಕೂಡ್ರಾವ ಅಲ್ಲೇ. ಕಲ್ಲು ಎಬ್ಬಿಸಬೇಕಂದ್ರ ಒಳ್ಳು ಕೀಳಬೇಕಾಕ್ಕಿತ್ತು. ಆಕಿ ಒಲ್ಲೆ ಅಂದ್ಲು. ಅದಕ್ಕ ಕಾಲನ ಉದ್ದ ಮಾಡಿದ್ನಿ.”

ಸಹನಾ ಅಜ್ಜಿಯನ್ನು ನೋಡಿದವಳಲ್ಲ. ಎಡಗಡೆಯ ಕನ್ನಡಿ ಬಿಂಬವನ್ನು ಅಳಿಸಿ ಮೌಸನ್ನು ಅಜ್ಜನ ಮುಂದೆ ಸರಿಸಿದಳು. ಅವನು ಎರಡೂ ಕಾಲನ್ನು ಬೇರೆ ಬೇರೆ ಬರೆದ. ಹಿಂದಿನದಕ್ಕೆ ಒಂದೇ ಬೆರಳಲ್ಲಿ ಒತ್ತಿ `441.325` ಅಂತ ಹಾಕಿದ. ಈಗ ಕಾಲು ಸಮತಟ್ಟಿಗಿಂತ ಕೆಳಗೆ ಇಣುಕುತ್ತಿತ್ತು.

“ಇಲ್ಲೂ ಟಕ್ ಅಂತೈತಿ” ಅಂದಳು ಸಹನಾ.

“ನೆಲಾ ತಗಿ ಅಂದ್ರ ತಗೀತೈತೇನು ಇದು?”

ಅಂದು ರಾತ್ರಿ ಊಟಕ್ಕೆ ಸೊಸೆ ಎರಡು ಸಲ ಕರೆದಳು. ಅವನು ಹಾಸುಗಲ್ಲು ಒಂದೊಂದೇ ಬರೆಯುತ್ತಿದ್ದ. ಎರಡು ಅಡಿ ಉದ್ದ, ಒಂದೂವರೆ ಅಗಲ. ಬಾಗಿಲ ಕಡೆಯದು ಮೂಲೆ ಮುರಿದದ್ದು. ಮೂಲೆ ಎಷ್ಟು ಮುರಿದಿತ್ತು ಅಂತ ಕಣ್ಣು ಮುಚ್ಚಿ ಯೋಚಿಸಿ, ಹೆಬ್ಬೆರಳಿನ ಉಗುರು ತೋರಿಸಿದ. ಹಿಂದಿನ ಕಾಲಿನ ಕೆಳಗಿನ ಕಲ್ಲನ್ನು `9.525` ಕೆಳಗಿಳಿಸಿದ.

ಸಹನಾ ಚಿತ್ರವನ್ನು ತಿರುಗಿಸಿ ಕಲ್ಲಿನ ಮಟ್ಟಕ್ಕೆ ತಂದಳು. ನಾಲ್ಕೂ ಕಾಲು ನೆಲಕ್ಕೆ ಕೂತಿದ್ದವು. ಎಲ್ಲೂ ಬೆಳಕು ಕಾಣಲಿಲ್ಲ.

“ಬಿಗೀ ಆತು” ಅಂತ ಈ ಸಲ ಅವಳಂದಳು.

ಮೌನೇಶಪ್ಪ ಕುರ್ಚಿಯ ಪಕ್ಕದ ಖಾಲಿ ಜಾಗ ನೋಡುತ್ತಿದ್ದ. ಎರಡೂ ಅಂಗೈ ಎದುರುಬದುರು ಹಿಡಿದು, ಸ್ವಲ್ಪ ಹಿಗ್ಗಿಸಿ, ಸ್ವಲ್ಪ ಕುಗ್ಗಿಸಿ, ನಿಲ್ಲಿಸಿದ.

“ಟೇಪು ಹಿಡಿಯವಾ ಇದಕ್ಕ. ದುಂಡಂದು ಹೆಂಗ ತಗೀಬೇಕು?”