ಆರ್ಡರ್ ಪ್ಯಾಕಿಂಗ್ ಮತ್ತು ರವಾನೆ: ಕೆಲಸದ ನಿಯಮಾವಳಿ

ಕಲಬುರಗಿ ಗೋದಾಮು. ಎರಡನೇ ಆವೃತ್ತಿ, 1 ಡಿಸೆಂಬರ್ 2025ರಿಂದ ಜಾರಿ. ಇದನ್ನು ಪ್ಯಾಕಿಂಗ್ ಮೇಜುಗಳ ಎದುರಿನ ಗೋಡೆಗೆ ಹಚ್ಚಿ, ಹಳೆಯ ಪ್ರತಿಯನ್ನು ಕಿತ್ತುಹಾಕಬೇಕು.

ದಿನಕ್ಕೆ ಮೂವತ್ತು ಆರ್ಡರ್ ಇದ್ದಾಗ ಯಾವ ಪೆಟ್ಟಿಗೆ ಯಾರಿಗೆ ಎಂಬುದು ಎಲ್ಲರ ತಲೆಯಲ್ಲಿರುತ್ತಿತ್ತು. ಈಗ ಇನ್ನೂರು ದಾಟಿದೆ. ಎಳ್ಳಮಾವಾಸ್ಯೆ, ಸಂಕ್ರಾಂತಿಯ ಹೊತ್ತಿಗೆ ಇನ್ನೂ ಏರುತ್ತದೆ. ಹೀಗಾಗಿ ಬೇರೆಲ್ಲ ನಿಯಮಗಳಿಗಿಂತ ಮೇಲಿನದು ಇದು: ಒಂದು ಮೇಜಿನ ಮೇಲೆ ಒಂದು ಸಲಕ್ಕೆ ಒಂದೇ ಆರ್ಡರ್. ಎಷ್ಟೇ ಅವಸರವಿದ್ದರೂ, ಕೈಯಲ್ಲಿರುವ ಪೆಟ್ಟಿಗೆಗೆ ಲೇಬಲ್ ಬೀಳುವವರೆಗೆ ಮುಂದಿನ ಆರ್ಡರಿನ ಸರಕು ಮೇಜಿಗೆ ಬರಕೂಡದು. ಅದಲುಬದಲಾಗುವುದು ಇಲ್ಲಿಯೇ.

ಸರಕು ತೆಗೆಯುವುದು

ಮಧ್ಯಾಹ್ನ 12ರೊಳಗೆ ಬಂದ ಆರ್ಡರುಗಳು ಅದೇ ದಿನ ಹೊರಡಬೇಕು. ಪಟ್ಟಿಯನ್ನು ಬೆಳಿಗ್ಗೆ 9ಕ್ಕೆ ಒಮ್ಮೆ, 12ಕ್ಕೆ ಒಮ್ಮೆ ಮುದ್ರಿಸಿ. ಎರಡು ಸಾವಿರ ರೂಪಾಯಿ ಮೀರಿದ, ತಲುಪಿದ ಮೇಲೆ ಹಣ ಕೊಡುವ ಆರ್ಡರುಗಳಿದ್ದರೆ ಮೊದಲು ಗ್ರಾಹಕರಿಗೆ ಫೋನ್ ಮಾಡಿ ಖಚಿತಪಡಿಸಿಕೊಳ್ಳಿ. ಕಪಾಟಿನಲ್ಲಿ ಯಾವುದು ಮೊದಲು ಬಂತು ಎಂದು ನೋಡಬೇಡಿ, ಯಾವುದರ ಬಳಕೆಯ ಅವಧಿ ಮೊದಲು ಮುಗಿಯುತ್ತದೆ ಎಂದು ನೋಡಿ ತೆಗೆಯಿರಿ. ತಯಾರಿಸಿದ ದಿನಾಂಕ, ನಿವ್ವಳ ತೂಕ, ಎಂಆರ್‌ಪಿ ಅಥವಾ ಎಫ್‌ಎಸ್‌ಎಸ್‌ಎಐ ಸಂಖ್ಯೆ ಅಳಿಸಿದ ಪ್ಯಾಕೆಟನ್ನು ಬದಿಗಿಡಿ.

ಎರಡನೇ ಕಣ್ಣು

ಸರಕು ತೆಗೆದವರೇ ಪರಿಶೀಲಿಸುವಂತಿಲ್ಲ. ಪರಿಶೀಲಕರು ಪಟ್ಟಿಯನ್ನು ಗಟ್ಟಿಯಾಗಿ ಓದಬೇಕು, ಪ್ಯಾಕ್ ಮಾಡುವವರು ಒಂದೊಂದೇ ವಸ್ತುವನ್ನು ಎತ್ತಿ ತೋರಿಸಬೇಕು. ಅರ್ಧ ಕಿಲೋ, ಒಂದು ಕಿಲೋ ತೊಗರಿಬೇಳೆಯ ಚೀಲಗಳು ನೋಡಲು ಒಂದೇ ತರಹ ಇವೆ, ತೂಕವನ್ನೂ ಓದಿ ಹೇಳಿ. ತೆರೆದ ಪೆಟ್ಟಿಗೆಯ ಫೋಟೊ ತೆಗೆದು, ಪರಿಶೀಲಕರು ಪಟ್ಟಿಗೆ ಸಹಿ ಹಾಕಿದ ಮೇಲೆಯೇ ಟೇಪ್.

ಪ್ಯಾಕಿಂಗ್

ಕಡಕ್ ರೊಟ್ಟಿಗೆ ಹೆಚ್ಚು ಎಚ್ಚರ ಬೇಕು. ಹತ್ತರ ಕಟ್ಟಿನ ಕೆಳಗೊಂದು, ಮೇಲೊಂದು ದುಂಡನೆಯ ರಟ್ಟು ಇಟ್ಟು ಕವರನ್ನು ಸೀಲ್ ಮಾಡಿ. ಕಟ್ಟನ್ನು ಪೆಟ್ಟಿಗೆಯಲ್ಲಿ ಅಂಗಾತ ಮಲಗಿಸಿ, ಅಂಚಿನ ಮೇಲೆ ನಿಲ್ಲಿಸಿದರೆ ಮೊದಲ ಕುಲುಕಿಗೇ ಅಂಚು ಪುಡಿಯಾಗುತ್ತದೆ. ಸುತ್ತ ಎರಡು ಬೆರಳಿನಷ್ಟು ಜಾಗ ಬಿಟ್ಟು ಮಡಚಿದ ಕಂದು ಕಾಗದ ತುಂಬಿ. ಮುಚ್ಚಿದ ಪೆಟ್ಟಿಗೆಯನ್ನು ಕಿವಿಯ ಹತ್ತಿರ ಹಿಡಿದು ಅಲುಗಿಸಿ: ಒಳಗೆ ಸದ್ದಾದರೆ ಬಿಚ್ಚಿ ಮತ್ತೆ ತುಂಬಬೇಕು. ಐದು ಪದರದ ಪೆಟ್ಟಿಗೆಯೇ ಆಗಬೇಕು. ಹಣ ಉಳಿಸಲು ಮೂರು ಪದರದ್ದು ಬಳಸಿದರೆ ಉಳಿದದ್ದು ಮರುರವಾನೆಗೇ ಹೋಗುತ್ತದೆ.

ಶೇಂಗಾ ಹಿಂಡಿ ಎಣ್ಣೆ ಬಿಡುತ್ತದೆ. ಅದನ್ನು ಎರಡು ಕವರಿನಲ್ಲಿ ಹಾಕಿ, ರೊಟ್ಟಿಯ ಮೇಲೆ ಎಂದೂ ಇಡಬೇಡಿ. ಹಳೆಯ ದಿನಪತ್ರಿಕೆಯನ್ನು ಆಹಾರದ ಪೆಟ್ಟಿಗೆಯೊಳಗೆ ಸೇರಿಸಲೇಬೇಡಿ, ಆಹಾರವನ್ನು ಅದರಲ್ಲಿ ಕಟ್ಟುವುದಕ್ಕೆ ಕಾನೂನಿನ ನಿಷೇಧವೂ ಇದೆ.

ಬಿದರಿ ವಸ್ತುಗಳಿಗೆ ಮೆತ್ತನೆಯ ಹತ್ತಿ ಬಟ್ಟೆ, ಅದರ ಹೊರಗೆ ಗುಳ್ಳೆ ಹಾಳೆ. ಕಪ್ಪು ಮೈಗೂ ಬೆಳ್ಳಿಯ ಕುಸುರಿಗೂ ಟೇಪ್ ತಾಗಬಾರದು. ಬರಿಗೈಯಲ್ಲಿ ಮುಟ್ಟಬೇಡಿ, ಕೈಗವಸು ಹಾಕಿಕೊಳ್ಳಿ. ಹಿಂಡಿ ಮತ್ತು ಬಿದರಿ ಒಂದೇ ಆರ್ಡರಿನಲ್ಲಿದ್ದರೆ ಎರಡು ಪೆಟ್ಟಿಗೆ ಮಾಡಿ, "1/2", "2/2" ಎಂದು ಬರೆಯಿರಿ.

ತೂಕ ಮತ್ತು ಲೇಬಲ್

ಕೊರಿಯರಿನವರು ನಿಜ ತೂಕ ಮತ್ತು ಗಾತ್ರದ ತೂಕಗಳಲ್ಲಿ ಹೆಚ್ಚಿನದಕ್ಕೆ ಹಣ ಹಾಕುತ್ತಾರೆ. ನಮ್ಮ ಕರಾರಿನ ಲೆಕ್ಕ, ಸೆಂಟಿಮೀಟರಿನಲ್ಲಿ ಉದ್ದ × ಅಗಲ × ಎತ್ತರ ÷ 5000. 40 × 30 × 20ರ ಪೆಟ್ಟಿಗೆಯಲ್ಲಿ ಒಂದು ಕಿಲೋ ರೊಟ್ಟಿ ಇದ್ದರೂ 4.8 ಕಿಲೋಗೆ ಹಣ ಕೊಡಬೇಕಾಗುತ್ತದೆ. ಆದ್ದರಿಂದ ಸರಕಿಗೆ ತಕ್ಕ ಅತಿ ಚಿಕ್ಕ ಪೆಟ್ಟಿಗೆಯನ್ನೇ ಆರಿಸಿ. ಲೇಬಲನ್ನು ಚಪ್ಪಟೆ ಮೇಲ್ಭಾಗಕ್ಕೆ ಅಂಟಿಸಿ, ಬಾರ್‌ಕೋಡ್ ಅಂಚಿನಲ್ಲಿ ಮಡಚಿಕೊಳ್ಳಬಾರದು. ಲೇಬಲ್ ಶಾಖಕ್ಕೆ ಕಪ್ಪಾಗುವ ಕಾಗದದ್ದು: ಬೇಸಿಗೆಯಲ್ಲಿ ಪೆಟ್ಟಿಗೆಗಳನ್ನು ಬಾಗಿಲ ಬಳಿಯ ಬಿಸಿಲಿನಲ್ಲಿ ಜೋಡಿಸಬೇಡಿ. ನಮ್ಮೂರಿನ ಬಿಸಿಲಿಗೆ ಬಾರ್‌ಕೋಡ್ ಓದಲಾಗದಂತಾಗುತ್ತದೆ.

ಹಸ್ತಾಂತರ

ಸಂಜೆ 4.30ಕ್ಕೆ ಟೇಪ್ ಕೆಳಗಿಡಿ. ರದ್ದಾದ ಆರ್ಡರುಗಳ ಪಟ್ಟಿಯನ್ನು ಅದೇ ಹೊತ್ತಿಗೆ ಮತ್ತೊಮ್ಮೆ ತೆರೆದು, ಅಂಥ ಪೆಟ್ಟಿಗೆಗಳಿದ್ದರೆ ಹೊರತೆಗೆಯಿರಿ. 5ಕ್ಕೆ ಗಾಡಿ ಬಂದಾಗ ಪ್ರತಿ ಪೆಟ್ಟಿಗೆಯನ್ನೂ ಸ್ಕ್ಯಾನ್ ಮಾಡಿ, ಎಣಿಕೆ ತಾಳೆಯಾದ ಮೇಲೆ ಎರಡೂ ಕಡೆಯವರ ಸಹಿ ಪಡೆಯಿರಿ. ಸಹಿ ಇಲ್ಲದೆ ಕಳೆದುಹೋದ ಪೆಟ್ಟಿಗೆಗೆ ಪರಿಹಾರ ಕೇಳಲು ನಮ್ಮ ಬಳಿ ಆಧಾರವಿರುವುದಿಲ್ಲ. ಶರಣಬಸವೇಶ್ವರ ಜಾತ್ರೆಯ ದಿನಗಳಲ್ಲಿ ರಸ್ತೆ ತುಂಬಿರುತ್ತದೆ, ಆ ವಾರ 3 ಗಂಟೆಗೇ ಗಾಡಿ ಕಳಿಸುವಂತೆ ಮುಂಚಿತವಾಗಿ ತಿಳಿಸಬೇಕು.

ವಾಪಸ್ ಬಂದವು

ತಿರುಗಿ ಬಂದ ಆಹಾರ ಪದಾರ್ಥ, ಸೀಲ್ ಒಡೆಯದಿದ್ದರೂ, ಮಾರಾಟದ ಕಪಾಟಿಗೆ ಸೇರಬಾರದು. ದಾಖಲಿಸಿ ಕೆಂಪು ಪೆಟ್ಟಿಗೆಗೆ ಹಾಕಿ. ಬಿದರಿ ವಸ್ತು ಬಂದರೆ ಬಿಚ್ಚುವಾಗಲೇ ವಿಡಿಯೊ ಮಾಡಿ, ಗೀರು, ತಗ್ಗು ಇದ್ದರೆ ಅಂದೇ ಗೋದಾಮಿನ ಮೇಲ್ವಿಚಾರಕರಿಗೆ ತೋರಿಸಿ.